ಗುಲಾಬಿ ಚೀಟಿಯ ಸಂತೆ

ನಮ್ಮ ಕಾಲೇಜು ಇರುವುದು ಕುಷ್ಟಗಿಯಲ್ಲಿ, ಅದರ ಆಡಳಿತ ಮಂಡಳಿಯ ಅಧ್ಯಕ್ಷರು ಇರುವುದು ಗಂಗಾವತಿಯಲ್ಲಿ. ಅಲ್ಲಿ ಅವರ ಅಕ್ಕಿ ಗಿರಣಿ ಇದೆ. ಹಾಗಾಗಿ ಅವರನ್ನು ಯಾರೂ ಅಧ್ಯಕ್ಷರು ಅನ್ನುವುದಿಲ್ಲ, ಸಾವ್ಕಾರ್ರು ಅನ್ನುತ್ತಾರೆ. ಅವರು ಬಂದಾಗಲೆಲ್ಲ ಖರ್ಚಿನ ಪಟ್ಟಿಯನ್ನು ತೆರೆದು, ಯಾವುದನ್ನು ನಿಲ್ಲಿಸಬಹುದು ಎಂದು ಹುಡುಕುವುದು ವಾಡಿಕೆ. ಒಮ್ಮೆ ತೋಟದ ಮಾಲಿ ಹೋದ, ಇನ್ನೊಮ್ಮೆ ಸಂಗೀತ ಹೋಯಿತು. ಆ ಸಲ ಅವರ ಕಣ್ಣು ಅರ್ಥಶಾಸ್ತ್ರದ ಮೇಲೆ ಬಿತ್ತು. ಅರ್ಥಶಾಸ್ತ್ರ ಅಂದರೆ ನಾನು. ವಿಭಾಗದಲ್ಲಿ ಇನ್ನೊಂದು ಕುರ್ಚಿ ಇದೆ, ಅದರ ಮೇಲೆ ಹಳೆಯ ಉತ್ತರ ಪತ್ರಿಕೆಗಳು ಕೂತಿರುತ್ತವೆ.

"ಮೇಡಂ, ರೊಕ್ಕದ ಲೆಕ್ಕ ಬರಿಯಾಕ ಕಾಮರ್ಸ್ ಐತಿ. ರೊಕ್ಕ ಗಳಸಾಕ ನಾವು ಅದೀವಿ. ನಡುವ ನಿಮ್ಮದೇನ್ರಿ ಕೆಲಸ?" ಅಂದರು.

"ರೊಕ್ಕ ಹೆಂಗ ನಡಕೋತೈತಿ ಅಂತ ಹೇಳೋದು ನಮ್ಮ ಕೆಲಸ ರೀ," ಅಂದೆ.

"ಅದನ್ನ ನನಗ ಹೇಳ್ತೀರೇನ್ರಿ?" ಎಂದು ನಕ್ಕರು. ನಗುತ್ತಲೇ, ಮುಂದಿನ ವರ್ಷದಿಂದ ಅರ್ಥಶಾಸ್ತ್ರಕ್ಕೆ ಪ್ರವೇಶ ಕೊಡುವುದೋ ಬೇಡವೋ ಎಂದು ಕಾಲೇಜಿನ ಸಂತೆಯ ದಿನ ಬಂದು ತೀರ್ಮಾನ ಹೇಳುತ್ತೇನೆ ಅಂದರು. ಮನೆಗೆ ಹೋಗುವಷ್ಟರಲ್ಲಿ ನನಗೆ ಸಿಟ್ಟು ಇಳಿದು ಭಯ ಶುರುವಾಗಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಕಾಲೇಜಿನ ಬಾಗಿಲು ತಟ್ಟುವುದು ನನಗೆ ಬೇಕಿರಲಿಲ್ಲ.

ಸಂತೆ ಅಂದರೆ ವಿದ್ಯಾರ್ಥಿಗಳೇ ಅಂಗಡಿ ಇಟ್ಟು ವಿದ್ಯಾರ್ಥಿಗಳೇ ಕೊಳ್ಳುವ ಒಂದು ದಿನದ ಗದ್ದಲ. ಈ ಸಲ ಅದನ್ನೇ ನನ್ನ ಪಾಠವಾಗಿ ಮಾಡಿ ಸಾವ್ಕಾರ್ರ ಮುಂದೆ ಇಡೋಣ ಎಂದು ಹಟ ಹಿಡಿದೆ. ಪ್ರಿನ್ಸಿಪಾಲರು ಎಂದಿನಂತೆ, "ಮಾಡ್ರಿ, ಆದರ ಗಲಾಟಿ ಆಗಬಾರದು," ಅಂದರು. ಮದುವೆ ಊಟಕ್ಕೆ ಹೋಗುವಾಗಲೂ ಅವರು ಹೇಳುವ ಮಾತು ಅದೇ.

ವ್ಯವಸ್ಥೆ ಸರಳವಾಗಿತ್ತು. ಸಂತೆಯಲ್ಲಿ ನಿಜವಾದ ಹಣ ನಡೆಯುವುದಿಲ್ಲ. ಗುಲಾಬಿ ಕಾಗದ ಕತ್ತರಿಸಿ ವಿಭಾಗದ ಮುದ್ರೆ ಒತ್ತಿದ ಚೀಟಿಯೇ ಹಣ. ಗೇಟಿನಲ್ಲಿ ಪ್ರತಿಯೊಬ್ಬರಿಗೂ ಹತ್ತು ಚೀಟಿ ಪುಕ್ಕಟೆ. ಅಂಗಡಿ ಇಟ್ಟವರೂ ಬಂದ ಚೀಟಿಯಿಂದ ಬೇರೆ ಅಂಗಡಿಯಲ್ಲಿ ಕೊಳ್ಳಬಹುದು. ಬೆಲೆಯನ್ನು ಅವರವರೇ ಇಟ್ಟುಕೊಳ್ಳಬೇಕು, ಚೌಕಾಶಿಗೆ ಅಡ್ಡಿಯಿಲ್ಲ. ನಾಲ್ಕು ಗಂಟೆಗೆ ಗಂಟೆ ಬಾರಿಸಿದರೆ ಸಂತೆ ಮುಗಿಯಿತು, ಯಾಕೆಂದರೆ ಬೇವೂರು ಕಡೆಯ ಮಕ್ಕಳ ಬಸ್ಸು ಆಗಲೇ ಹೊರಡುತ್ತದೆ. ಆಮೇಲೆ ಚೀಟಿ ಬರೀ ಕಾಗದ.

ಹಿಂದಿನ ದಿನ ತರಗತಿಯಲ್ಲಿ ಸೂತ್ರ ಹೇಳಿದ್ದೆ. ಸಂತೆಯಲ್ಲಿ ಎಷ್ಟು ಹಣ ಇದೆ, ಅದು ಸರಾಸರಿ ಎಷ್ಟು ಸಲ ಕೈ ಬದಲಾಯಿಸುತ್ತದೆ, ಇವೆರಡನ್ನು ಗುಣಿಸಿದರೆ ಬರುವುದು ಒಟ್ಟು ವ್ಯಾಪಾರದ ಮೊತ್ತ. ಮಾರಿದ ಸಾಮಾನನ್ನು ಅದರ ಸರಾಸರಿ ಬೆಲೆಯಿಂದ ಗುಣಿಸಿದರೂ ಬರುವುದು ಅದೇ ಮೊತ್ತ. ಸಾಮಾನು ಅಷ್ಟೇ ಇದ್ದು, ಕೈ ಬದಲಾಯಿಸುವ ವೇಗವೂ ಅಷ್ಟೇ ಇದ್ದು, ಹಣ ಮಾತ್ರ ಎರಡು ಪಟ್ಟಾದರೆ ಬೆಲೆಯೂ ಎರಡು ಪಟ್ಟಾಗಬೇಕು. ವೇಗ ಅಂದರೇನು ಎಂದು ಒಬ್ಬ ಕೇಳಿದ. ನಮ್ಮ ಕಡೆ ಕೆಲವು ಅಂಗಡಿಯವರು ಹತ್ತು ರೂಪಾಯಿ ನಾಣ್ಯ ಮುಟ್ಟುತ್ತಿರಲಿಲ್ಲವಲ್ಲ, ಅದನ್ನೇ ಹೇಳಿದೆ. ಸರ್ಕಾರದ ಲೆಕ್ಕದಲ್ಲಿ ಅದು ಹಣವೇ, ಆದರೆ ನನ್ನ ಅಡುಗೆಮನೆಯ ಡಬ್ಬಿಯಲ್ಲಿ ಮಲಗಿದ ನಾಣ್ಯ ಪೇಟೆಯಲ್ಲಿ ಏನನ್ನೂ ಕೊಳ್ಳುತ್ತಿಲ್ಲ. ಎಲ್ಲರೂ ತಲೆಯಾಡಿಸಿದರು. ತಿಳಿದದ್ದಕ್ಕೋ, ಗಂಟೆ ಬಾರಿಸಲಿ ಎಂದೋ ಗೊತ್ತಾಗಲಿಲ್ಲ.

ಸಂತೆಯ ದಿನ ಬೆಳಿಗ್ಗೆಯೇ ವ್ಯಾಪಾರ ಕುದುರಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ, ಮಜ್ಜಿಗೆ, ಪೇರಲ ಹಣ್ಣು, ಬಳೆ, ಪೆನ್ನು. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಮಿರ್ಚಿ ಅಂಗಡಿ ಇಟ್ಟಿದ್ದಳು. ತರಗತಿಯಲ್ಲಿ ಅವಳ ದನಿ ಕೇಳಬೇಕಾದರೆ ನಾನು ಎರಡು ಸಲ ಹೆಸರು ಕೂಗಬೇಕು; ಬಾಣಲೆಯ ಮುಂದೆ ನಿಂತವಳ ಕೂಗು ಬಸ್ ಸ್ಟ್ಯಾಂಡಿಗೆ ಕೇಳುವಂತಿತ್ತು. ಮಿರ್ಚಿ ಪ್ಲೇಟಿಗೆ ಎರಡು ಚೀಟಿ ಎಂದು ನಿಂತಿತು, ಮಜ್ಜಿಗೆಗೆ ಒಂದು. ಮಿರ್ಚಿಯವಳು ಗಳಿಸಿದ ಚೀಟಿ ಬಳೆಯವಳಿಗೆ, ಬಳೆಯವಳದು ಮಜ್ಜಿಗೆಯವನಿಗೆ. ನೋಡುತ್ತ ನನ್ನ ಹೊಟ್ಟೆ ತುಂಬಿತು.

ಮಧ್ಯಾಹ್ನ ಸಾವ್ಕಾರ್ರು ಬಂದರು. ನನ್ನ ಯೋಜನೆಯಂತೆ ಅವರ ಕೈಯಿಂದಲೇ ಪ್ರತಿಯೊಬ್ಬರಿಗೂ ಇನ್ನೂ ಹತ್ತು ಚೀಟಿ ಹಂಚಿಸಿದೆ. ಪುಕ್ಕಟೆ ಹಂಚುವುದರಲ್ಲಿ ಅವರಿಗೆ ಇಷ್ಟು ಸಂತೋಷ ಇದೆ ಎಂದು ಸಂಬಳ ತೆಗೆದುಕೊಳ್ಳುವ ನಮಗೆ ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ನೋಡ್ತಾ ಇರ್ರಿ ಸಾವ್ಕಾರ್ರ, ಅರ್ಧ ತಾಸಿನ್ಯಾಗ ಎಲ್ಲಾದರ ಬೆಲಿ ಡಬಲ್ ಆಗತೈತಿ," ಎಂದು ಎದೆ ಉಬ್ಬಿಸಿ ಹೇಳಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸಾವ್ಕಾರ್ರ ಕೈಗೆ ಮೈಕು ಸಿಕ್ಕಿತ್ತಲ್ಲ. "ನಮ್ಮ ಹುಡುಗ್ರಿಗೆ ಒಂದು ಹೊಸಾ ಕ್ರಿಕೆಟ್ ಬ್ಯಾಟ್ ತಂದೀನಿ. ಕಡೀಕ ಸವಾಲು ಹಾಕ್ತೀವಿ. ಯಾರು ಹೆಚ್ಚು ಚೀಟಿ ಕೊಡ್ತಾರ, ಬ್ಯಾಟ್ ಅವರದು!" ಎಂದು ಘೋಷಿಸಿಬಿಟ್ಟರು. ಮೈದಾನದ ತುಂಬ ಸಿಳ್ಳೆ.

ಅರ್ಧ ತಾಸು ಕಳೆಯಿತು. ಮಿರ್ಚಿ ಎರಡೇ ಚೀಟಿ. ಒಂದು ತಾಸು ಆಯಿತು. ಮಿರ್ಚಿ ಎರಡೇ ಚೀಟಿ, ಪೇರಲದವನಂತೂ ಗಿರಾಕಿ ಇಲ್ಲದೆ ಬೆಲೆ ಇಳಿಸಿದ್ದ. ಹುಡುಗರು ಗುಂಪು ಕಟ್ಟಿ, ಚೀಟಿಗಳನ್ನು ಒಬ್ಬನ ಕಿಸೆಗೆ ತುಂಬಿ, ಬ್ಯಾಟಿನ ಕನಸು ಕಾಣುತ್ತ ಬೇವಿನ ಗಿಡದ ಕೆಳಗೆ ಕೂತಿದ್ದರು. ಅಂಗಡಿಯವರೂ ಬಂದ ಚೀಟಿಯನ್ನು ಗಂಟು ಕಟ್ಟುತ್ತಿದ್ದರು. ಮೈದಾನದಲ್ಲಿ ಚೀಟಿ ಎರಡು ಪಟ್ಟಾಗಿತ್ತು, ಓಡಾಟ ಅರ್ಧಕ್ಕೂ ಕಡಿಮೆಯಾಗಿತ್ತು. ಸೂತ್ರ ಸುಳ್ಳಾಗಿರಲಿಲ್ಲ, ವೇಗವೂ ಅಷ್ಟೇ ಇದ್ದರೆ ಎಂಬ ಅದರ ಷರತ್ತನ್ನು ಸಾವ್ಕಾರ್ರ ಬ್ಯಾಟು ಮುರಿದಿತ್ತು. ಆದರೆ ಇದನ್ನು ಅವರಿಗೆ ಹೇಳುವುದು ಹೇಗೆ?

"ಮೇಡಂ, ಎಲ್ಲಿ ನಿಮ್ಮ ಡಬಲ್?" ಎಂದು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಸಾವ್ಕಾರ್ರ, ಚೀಟಿ ಐತಿ, ಆದರ ಓಡವಲ್ದು. ಎಲ್ಲಾರೂ ಬ್ಯಾಟಿಗೆ ಅಂತ ಹಿಡಕೊಂಡು ಕುಂತಾರ."

"ಸೋತವರು ಎಲ್ಲಾರೂ ಹಿಂಗ ಏನರ ಒಂದು ನೆವ ಹೇಳ್ತಾರ್ರಿ." ಪ್ರಿನ್ಸಿಪಾಲರ ಕಡೆ ತಿರುಗಿ, ಮುಂದಿನ ವರ್ಷದ ಪ್ರವೇಶದ ಪ್ರಕಟಣೆಯಿಂದ ಈ ವಿಷಯ ತೆಗೆಯಲು ಹೇಳಿದರು. ನನಗೆ ಕಣ್ಣು ಮಂಜಾಯಿತು. ಮಿರ್ಚಿ ಹೊಗೆ ಎಂದು ಯಾರೋ ಅಂದುಕೊಂಡು ನೀರು ತಂದುಕೊಟ್ಟರು.

ಆಗಲೇ ಬೇವಿನ ಗಿಡದ ಕೆಳಗೆ ಗಲಾಟೆ ಎದ್ದಿತು. ಒಂದು ಗುಂಪಿನ ಚೀಟಿ ಇಟ್ಟುಕೊಂಡವನು ಎದುರು ಗುಂಪಿಗೆ ಹಾರಿದ್ದನಂತೆ. ಕೈ ಕೈ ಮಿಲಾಯಿಸುವ ಹೊತ್ತಿಗೆ ಪ್ರಿನ್ಸಿಪಾಲರು ಓಡಿಬಂದು ಮೈಕು ಕಸಿದುಕೊಂಡರು. "ಸವಾಲು ಇಲ್ಲ! ಏನೂ ಇಲ್ಲ! ಬ್ಯಾಟು ಕಾಲೇಜಿಗೇ ಇರ್ತೈತಿ!"

ಯಾರೋ ಕಾಲೇಜಿನ ಗೋಡೆಯ ಗಡಿಯಾರ ನೋಡಿದರು. ಮೂರೂವರೆ ದಾಟಿತ್ತು.

ಆಮೇಲೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಇಡೀ ಮೈದಾನ ಎದ್ದು ಅಂಗಡಿಗಳ ಮೇಲೆ ಬಿತ್ತು. ಮಿರ್ಚಿ ನಾಲ್ಕಾಯಿತು, ಏಳಾಯಿತು, ಹನ್ನೆರಡಾಯಿತು. ಮಜ್ಜಿಗೆ ಐದಾಯಿತು. ಬಂದ ಚೀಟಿಯನ್ನು ಅಂಗಡಿಯವರು ಬಿಸಿ ಕೆಂಡದಂತೆ ಹಿಡಿದು ಪಕ್ಕದ ಅಂಗಡಿಗೆ ಓಡುತ್ತಿದ್ದರು. ಮುಂಜಾನೆಯಿಂದ ಯಾರೂ ಕಣ್ಣೆತ್ತಿ ನೋಡದ ಪೆನ್ನಿಗೂ ನೂಕುನುಗ್ಗಲು.

ಹಂಚುತ್ತ ಹಂಚುತ್ತ ಹಸಿದಿದ್ದ ಸಾವ್ಕಾರ್ರು ಉಳಿದ ಚೀಟಿಯ ಕಟ್ಟು ಹಿಡಿದು ಮಿರ್ಚಿ ಅಂಗಡಿಗೆ ಹೋದರು. ನಾನು ಹಿಂದೆಯೇ ಹೋದೆ.

"ಎಷ್ಟವ್ವಾ ಪ್ಲೇಟ್?"

"ಹದಿನೈದ್ರಿ ಸಾವ್ಕಾರ್ರ."

"ಏನು ಲೂಟಿನ ಇದು! ಈಗ ಎರಡು ಇತ್ತಲ್ಲ!" ಎಂದು ನನ್ನ ಕಡೆ ತಿರುಗಿದರು. "ಮೇಡಂ, ಮಿರ್ಚಿ ಖಾಲಿ ಆಗಾಕತ್ತಾವ, ಅದಕ್ಕ ಏರ್ಯಾವ. ಭತ್ತ ಕಮ್ಮಿ ಬಂದಾಗ ನಮ್ಮ ಗಿರಣ್ಯಾಗೂ ಹಿಂಗ ಆಗತೈತಿ."

"ಮಿರ್ಚಿ ಒಂದ ಏರಿದ್ರ ನಿಮ್ಮ ಮಾತು ಖರೆ ರೀ. ಆ ಪೆನ್ನಿನ ಡಬ್ಬಿ ನೋಡ್ರಿ, ಇನ್ನೂ ಅರ್ಧ ಹಂಗ ಐತಿ. ಅದೂ ಏರೇತಿ. ಬಳಿ, ಮಜ್ಜಿಗಿ, ಪೇರಲ, ಎಲ್ಲಾನೂ ಏರ್ಯಾವ."

ಅವರು ಒಂದೊಂದೇ ಅಂಗಡಿಯನ್ನು ನೋಡಿದರು. ವ್ಯಾಪಾರಿಯ ಕಣ್ಣು, ಸುಳ್ಳು ಹೇಳಲಾರದು. "ಆದರ ಮೇಡಂ, ಈ ಹತ್ತು ನಿಮಿಷದಾಗ ನಾನು ಒಂದ ಚೀಟಿನೂ ಹೆಚ್ಚು ಹಂಚಿಲ್ಲಲ್ಲ. ಮತ್ತ ಬೆಲಿ ಹೆಂಗ ಏರಿದ್ವು?"

ಇಷ್ಟು ವರ್ಷ ಪಾಠ ಮಾಡಿದ್ದರೂ ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ. ಅವರನ್ನು ಅಪ್ಪಿಕೊಳ್ಳೋಣ ಅನ್ನಿಸಿತು. "ಚೀಟಿ ಅಷ್ಟ ಅದಾವ್ರಿ. ಕೂತವು ಎದ್ದು ಓಡಾಕತ್ತಾವ. ನೀವು ಮಧ್ಯಾಹ್ನ ಹಂಚಿದ್ರಲ್ಲ, ಅವು ಈಗ ಸಂತಿಗೆ ಬಂದಾವ. ನಾಕು ಗಂಟೆಕ್ಕ ಸಾಯೋ ರೊಕ್ಕಾನ ಯಾರು ಹಿಡಕೊಂಡು ಕುಂದರತಾರ?"

ಸಾವ್ಕಾರ್ರು ಹುಡುಗಿಯ ಕಡೆ ತಿರುಗಿದರು. ಹದಿನೈದು ಚೀಟಿ ಎಣಿಸಿ ಚಾಚಿದರು. ಹುಡುಗಿ ಗಡಿಯಾರ ನೋಡಿದಳು, ಕೊನೆಯ ಪ್ಲೇಟನ್ನು ನೋಡಿದಳು.

"ಇಪ್ಪತ್ತು ತಗೋ," ಅಂದರು. ಅವಳು ಅಲ್ಲಾಡಲಿಲ್ಲ. ಇಡೀ ಕಟ್ಟನ್ನೇ ಮುಂದಿಟ್ಟರು.

"ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಇದನ್ನ ತಗೊಂಡು ನಾ ಏನು ಮಾಡ್ಲಿ? ಇನ್ನ ಯಾರೂ ತಗೊಳ್ಳಂಗಿಲ್ಲ," ಎಂದವಳೇ ಒಂದು ಮಿರ್ಚಿ ಎತ್ತಿ ತಾನೇ ಕಚ್ಚಿದಳು. ಅಷ್ಟರಲ್ಲಿ ನಾಲ್ಕರ ಗಂಟೆ ಹೊಡೆಯಿತು.

ಆ ಹುಡುಗಿಗೆ ಅಲ್ಲೇ ಅಂಕ ಕೊಡುವ ಅಧಿಕಾರ ನನಗೆ ಇದ್ದಿದ್ದರೆ ಪೂರ್ತಿ ಕೊಟ್ಟುಬಿಡುತ್ತಿದ್ದೆ. ಸಾವ್ಕಾರ್ರು ಕಟ್ಟನ್ನು ಎತ್ತಿ ನೋಡಿ ಹೊಟ್ಟೆ ಕುಣಿಯುವಂತೆ ನಕ್ಕರು. ಅವಳು ಉಳಿದ ಮಿರ್ಚಿಯನ್ನು ಅವರಿಗೆ ಪುಕ್ಕಟೆಯಾಗಿ ಕೊಟ್ಟಳು. ತಿನ್ನುತ್ತಲೇ ಸಾವ್ಕಾರ್ರು ಪ್ರಿನ್ಸಿಪಾಲರನ್ನು ಕರೆದು, "ಅರ್ಥಶಾಸ್ತ್ರ ಇರ್ಲಿ. ಪ್ರಕಟಣೆ ಹಂಗ ಹಾಕ್ರಿ," ಅಂದರು.

ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಆ ಸಂತೋಷದಲ್ಲಿ ಬಾಯಿಗೆ ಎಲ್ಲಿಲ್ಲದ ಧೈರ್ಯ ಬಂತು. ಮೂರು ವರ್ಷದಿಂದ ಕದಲದೆ ಕೂತಿದ್ದ ನನ್ನ ಸಂಬಳದ ಮಾತನ್ನು ಎತ್ತಿದೆ. "ಸಾವ್ಕಾರ್ರ, ಎಲ್ಲಾ ಬೆಲಿ ಏರೋದನ್ನ ನೀವ ಕಣ್ಣಾರೆ ನೋಡಿದ್ರಿ. ನಮ್ಮ ಪಗಾರನೂ..."

ಅವರು ಬಾಯಿ ಒರೆಸಿಕೊಂಡರು. ಕಾರಿನ ಬಾಗಿಲು ತೆರೆಯುತ್ತ, ಇಷ್ಟು ಹೊತ್ತು ಕಲಿತದ್ದನ್ನೆಲ್ಲ ನನಗೇ ತಿರುಗಿಸಿ ಒಪ್ಪಿಸಿದರು.

"ಪಗಾರ ಏರಿಸಿದ್ರ ನೀವು ಅದನ್ನ ತಗೊಂಡು ಪ್ಯಾಟಿಗೆ ಓಡ್ತೀರಿ. ಎಲ್ಲಾರೂ ಓಡ್ತಾರ. ಬೆಲಿ ಇನ್ನೂ ಏರತಾವ. ಬ್ಯಾಡ್ರಿ ಮೇಡಂ, ನಿಮ್ಮ ಅರ್ಥಶಾಸ್ತ್ರಕ್ಕ ನಾನು ಅನ್ಯಾಯ ಮಾಡಂಗಿಲ್ಲ."