ತಂಬೂರಿಯ ಸೀಟು

ಅಕ್ಕೋರ ತಂಬೂರಿಯನ್ನು ಮುರಿದವಳು ನಾನು. ಸಾಮಾನು ಹೇರುವವರ ಮೇಲೆ ಹಾಕಿ ಪಾರಾಗಬಹುದಿತ್ತು, ಊರಲ್ಲಿ ಕೆಲವರು ಹಾಗೆಯೇ ತಿಳಿದಿದ್ದಾರೆ. ಆದರೆ ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದಂತೆ ಬದುಕಲು ನನಗೆ ಆಗುತ್ತಿಲ್ಲ.

ಅಕ್ಕೋರು ಅಂದರೆ ನನಗೆ ಹಾಡು ಕಲಿಸಿದವರು. ಚಿಕ್ಕೋಡಿಯಲ್ಲಿ ನಮ್ಮ ಓಣಿಯಿಂದ ಎರಡು ಓಣಿ ಆಚೆ ಅವರ ಮನೆ. ಎಪ್ಪತ್ತು ದಾಟಿದೆ, ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದರಲ್ಲಿ ಎದುರಿಗಿರುವವರ ಆಕಾರವಷ್ಟೇ ಕಾಣುತ್ತದೆ. ದನಿ ಮಾತ್ರ ಇನ್ನೂ ಗಟ್ಟಿ. ಅವರಿಗೆ ದಿಲ್ಲಿಯ ಒಂದು ಸಂಗೀತ ಮಂಡಳಿಯಿಂದ ಕರೆ ಬಂತು. ಹಿಂದೆ ಕೂತು ತಂಬೂರಿ ಮೀಟುತ್ತ ದನಿಗೂಡಿಸಲು ನಾನು. ಮಂಡಳಿಯವರು ಒಳ್ಳೆಯವರು, ಮೂರು ವಿಮಾನ ಟಿಕೆಟ್ಟಿನ ಖರ್ಚು ಕೊಡುತ್ತೇವೆ ಎಂದರು: ಒಂದು ಅಕ್ಕೋರಿಗೆ, ಒಂದು ನನಗೆ, ಒಂದು ತಂಬೂರಿಗೆ. ಬುಕಿಂಗು ನೀವೇ ಮಾಡಿಕೊಳ್ಳಿ ಎಂದರು.

ವಿಮಾನ ಕಂಪನಿಗೆ ಫೋನು ಮಾಡಿದೆ. ವಾದ್ಯಕ್ಕೆ ಸೀಟು ಬೇಕಾದರೆ ಮೊಬೈಲಿನಲ್ಲಿ ಒತ್ತಿ ಬುಕ್ ಮಾಡಲು ಬರುವುದಿಲ್ಲವಂತೆ, ಅವರಿಗೇ ಹೇಳಬೇಕು. ಉದ್ದ ಎಷ್ಟು, ಅಗಲ ಎಷ್ಟು, ತೂಕ ಎಷ್ಟು ಎಂದು ಕೇಳಿದರು. ಅಕ್ಕೋರದು ಹೆಂಗಸರ ಶ್ರುತಿಯ ಸಣ್ಣ ತಂಬೂರಿ, ನಾಲ್ಕು ಅಡಿಯೂ ಇಲ್ಲ. ಫೋನಿನಲ್ಲಿದ್ದ ಹುಡುಗಿ ಸ್ವಲ್ಪ ಹೊತ್ತು ಯಾರನ್ನೋ ವಿಚಾರಿಸಿ, 'ಆಗುತ್ತದೆ, ಕಿಟಕಿ ಪಕ್ಕದ ಸೀಟು ಕೊಡುತ್ತೇವೆ, ತುರ್ತು ಬಾಗಿಲ ಸಾಲಿನಲ್ಲಿ ಕೊಡುವುದಿಲ್ಲ, ಬೆಲ್ಟು ಕಟ್ಟಿಯೇ ಕೂರಿಸಬೇಕು' ಎಂದಳು. ಇಲ್ಲದಿದ್ದರೆ ಕೆಳಗೆ ಲಗೇಜಿಗೆ ಹಾಕಬಹುದು, ಆದರೆ ಒಡೆದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಸಹಿ ಮಾಡಬೇಕು. ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ನನ್ನ ಗಂಡನದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಮನುಷ್ಯ ಒಳ್ಳೆಯವನೇ, ಆದರೆ ನನ್ನ ಹಾಡು ಅವನಿಗೆ ಯಾವಾಗಲೂ ನಗೆಯ ವಿಷಯ. ಬೆಳಿಗ್ಗೆ ನಾನು ಷಡ್ಜ ಹಿಡಿದರೆ 'ಎಮ್ಮಿಗೆ ನೀರು ಕುಡಸ್ರಿ, ಒದರಾಕತೈತಿ' ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾರ್ಯಕ್ರಮಕ್ಕೂ ಬಂದವನಲ್ಲ. ಅಂಗಡಿ, ಅಂಗಡಿ, ಅಂಗಡಿ. ದಿಲ್ಲಿಯ ಮಾತು ಬಂದಾಗ ಮಾತ್ರ ಅವನ ಕಿವಿ ನೆಟ್ಟಗಾಯಿತು.

"ನಾನೂ ವಿಮಾನದಾಗ ಕುಂತಿಲ್ಲ ನೋಡು," ಎಂದ. "ತಂಬೂರಿಗೆ ಕಿಟಕಿ ಯಾಕ ಬೇಕು? ಅದೇನ ಮೋಡ ನೋಡ್ತೈತೇನು?"

ನಾನು ನಕ್ಕೆ. ನಗು ಮುಗಿಯುವಷ್ಟರಲ್ಲಿ ಮನಸ್ಸು ಜಾರಿತ್ತು. ಅವನಿಗೆ ವಿಮಾನ ತೋರಿಸುವ ಆಸೆಯಲ್ಲ ಅದು, ನನ್ನನ್ನು ನಾನೇ ತೋರಿಸಿಕೊಳ್ಳುವ ಆಸೆ. ದೊಡ್ಡ ಸಭೆಯಲ್ಲಿ ಜನ ಚಪ್ಪಾಳೆ ತಟ್ಟುವುದನ್ನು ಈ ಮನುಷ್ಯ ಒಮ್ಮೆ ಕೂತು ನೋಡಲಿ ಎಂಬ ಹಟ. ಮೂರನೆಯ ಟಿಕೆಟ್ಟನ್ನು ಅವನ ಹೆಸರಿಗೆ ಮಾಡಿಸಿದೆ. ಅಕ್ಕೋರಿಗೆ ಮಾತ್ರ, ಗಂಡ ತನ್ನ ದುಡ್ಡಿನಲ್ಲಿ ಬರುತ್ತಿದ್ದಾನೆ, ತಂಬೂರಿಗೆ ಬೇರೆ ಸೀಟಿದೆ ಎಂದೆ.

ತಂಬೂರಿಗೆ ಗಟ್ಟಿ ಪೆಟ್ಟಿಗೆ ಬೇಕಿತ್ತು. ಕಾಗವಾಡ ದಾಟಿ ಮಿರಜಿಗೆ ಹೋದೆ. ಅಕ್ಕೋರ ತಂಬೂರಿಯನ್ನು ಮಾಡಿದ ಮನೆತನದ ಚಾಚಾ ಇನ್ನೂ ಅಂಗಡಿಯಲ್ಲಿ ಕೂರುತ್ತಾರೆ. ಫೈಬರಿನ ಪೆಟ್ಟಿಗೆಯನ್ನು ಕಡ ಕೊಟ್ಟರು. ಸೀಟಿನ ಮೇಲೋ ಲಗೇಜಿಗೋ ಎಂದು ಕೇಳಿದರು. ಅವರ ಮುಂದೆ ಸುಳ್ಳು ಬರಲಿಲ್ಲ, ಲಗೇಜಿಗೆ ಎಂದೆ.

"ಹಂಗಾದ್ರ ತಂತಿ ಇಳಸ್ರಿ ಬಾಯೀ," ಎಂದರು. "ಬೆರಳ ಹಚ್ಚಿದ್ರ ಜೋತಾಡಬೇಕು, ಅಷ್ಟು. ತಂತಿ ಬಿಗಿ ಇದ್ದಾಗ ಈ ಉದ್ದನ ದಾಂಡಿ ಮ್ಯಾಲ ಯಾವಾಗ್ಲೂ ಜಗ್ಗು ಇರತೈತಿ. ಮ್ಯಾಲಿಂದ ಒಂದ ಪೆಟ್ಟು ಬಿತ್ತಂದ್ರ ದಾಂಡಿ ಬುರುಡಿ ಕೂಡೋ ಕೊರಳ ಬಿಡತೈತಿ. ಪೆಟಗಿ ಎಷ್ಟ ಗಟ್ಟಿ ಇದ್ರ ಏನು?"

ಇಲ್ಲಿಯೇ ನಾನು ಸಿಕ್ಕಿಬಿದ್ದೆ. ಅಕ್ಕೋರ ಮನೆಯಲ್ಲಿ ತಂಬೂರಿಯ ತಂತಿ ಇಳಿಸುವುದಿಲ್ಲ. ಸಂಜೆ ಶ್ರುತಿ ಮಾಡಿ ಮೂಲೆಯಲ್ಲಿ ನಿಲ್ಲಿಸಿದರೆ ಮರುದಿನ ಹಾಗೇ ಎತ್ತಿಕೊಳ್ಳಬೇಕು. ಮನೆಯಲ್ಲಿ ಸಾವಾದಾಗ ಮಾತ್ರ ಬಿರಡೆ ತಿರುಗಿಸಿ ತಂತಿ ಸಡಿಲ ಬಿಡುತ್ತಾರೆ. ಅವರ ಗುರುವಿನ ಕಾಲದಿಂದ ನಡೆದುಬಂದ ಪದ್ಧತಿ. ಅವರ ಯಜಮಾನರು ತೀರಿಕೊಂಡಾಗ ಹದಿಮೂರು ದಿನ ತಂಬೂರಿ ಹಾಗಿತ್ತು.

ಹೊರಡುವ ಮುಂಜಾನೆ ಕಂಬಳಿ, ಹಳೆಯ ಸೀರೆ ತಂದು ಪೆಟ್ಟಿಗೆಯಲ್ಲಿ ಹಾಸುತ್ತಿದ್ದೆ. ಅಕ್ಕೋರು ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದರು.

"ತಂಗಿ, ತಂತಿ ಏನರ ಇಳಸಬೇಕೇನ ಇದಕ್ಕ? ಚಾಚಾ ಏನಂದ?"

ಹೌದು ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಲಗೇಜು ಎನ್ನಬೇಕು. ಲಗೇಜು ಎಂದರೆ ಮೂರನೆಯ ಸೀಟಿನಲ್ಲಿ ಕೂತವನಾರು ಎಂಬುದು ಬರುತ್ತದೆ.

"ಬ್ಯಾಡ್ರಿ ಅಕ್ಕೋರ," ಎಂದೆ. "ಸೀಟಿನ ಮ್ಯಾಲ ಕೂಡತೈತಿ, ಅದಕ್ಕ ಏನಾಗತೈತಿ."

ಅವರ ಮುಖದಲ್ಲಿ ಹಗುರಾದ ಸಮಾಧಾನ ಕಂಡಿತು. ಕೊಡುವ ಮೊದಲು ಬುರುಡೆಯನ್ನೊಮ್ಮೆ ಸವರಿದರು. ನಾಲ್ಕೂ ತಂತಿ ಬಿಗಿಯಾಗಿದ್ದ ತಂಬೂರಿಯನ್ನೇ ಪೆಟ್ಟಿಗೆಯಲ್ಲಿ ಮಲಗಿಸಿ ಚಿಲಕ ಹಾಕಿದೆ. ದಾರಿಯಲ್ಲಿ ಎಲ್ಲಾದರೂ ಚಹಾಕ್ಕೆ ಇಳಿದಾಗ ಸಡಿಲಿಸೋಣ ಎಂದುಕೊಂಡಿದ್ದೆ. ಅಕ್ಕೋರು ಬೆಳಗಾವಿಯವರೆಗೂ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಅವರಿಗೆ ಗಾಲಿ ಕುರ್ಚಿ ಸಿಕ್ಕಿತು. ಗಂಡನನ್ನು ಜೊತೆ ಮಾಡಿ ಮುಂದೆ ಕಳಿಸಿದೆ. "ತಂಬೂರಿ ತಪಾಸ ಮಾಡಿಸಿ ತರ್ತೀನ್ರಿ" ಎಂದೆ. ಕೌಂಟರಿನವಳು ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸಿ ಕಾಗದ ಮುಂದಿಟ್ಟಳು, ಸಹಿ ಮಾಡಿದೆ. ಬೆಲ್ಟಿನ ಮೇಲೆ ಹೋಗದಷ್ಟು ಉದ್ದವೆಂದು ಒಬ್ಬ ಬಂದು ಹೆಗಲ ಮೇಲೆ ಹೊತ್ತುಕೊಂಡು ಹೋದ. ಪೆಟ್ಟಿಗೆ ಕಣ್ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ. ಕೂಗಿ ಕರೆದು ಐದು ನಿಮಿಷ ಬೇಡಬಹುದಿತ್ತು, ತಂತಿ ಇಳಿಸಲು ಅಷ್ಟು ಸಾಕಿತ್ತು. ಕರೆಯಲಿಲ್ಲ. ಕರೆದು ಬಿರಡೆ ತಿರುಗಿಸಿದರೆ ದಿಲ್ಲಿಯಲ್ಲಿ ಅಕ್ಕೋರು ಪೆಟ್ಟಿಗೆ ತೆಗೆದ ಕೂಡಲೇ ಸಡಿಲ ತಂತಿ ಅವರ ಬೆರಳಿಗೆ ಸಿಗುತ್ತದಲ್ಲ ಎಂಬ ಲೆಕ್ಕ ಅಷ್ಟರಲ್ಲಿ ತಲೆಗೆ ಬಂದಿತ್ತು.

ವಿಮಾನದಲ್ಲಿ ಅಕ್ಕೋರದು ಮುಂದಿನ ಸಾಲು, ನಮ್ಮದು ಹಿಂದೆ. ನಾನು ಹಿಂದಿನ ಬಾಗಿಲಿಂದ ಹತ್ತಿ, ಅವರ ಹತ್ತಿರ ಹೋಗಿ ಬಗ್ಗಿದೆ.

"ಕುಂತಿತೇನ?" ಎಂದು ಕೇಳಿದರು.

"ಕುಂತೈತ್ರಿ, ಕಿಟಕಿ ಕಡೆ. ಬೆಲ್ಟ್ ಕಟ್ಟೀನಿ."

ವಿಮಾನ ಮೇಲೇರಿದಾಗ ಆ ಕಿಟಕಿಯಲ್ಲಿ ನನ್ನ ಗಂಡ ಕೂತು ಮೊಬೈಲಿನಲ್ಲಿ ಮೋಡದ ಫೋಟೋ ತೆಗೆಯುತ್ತಿದ್ದ.

ದಿಲ್ಲಿಯಲ್ಲಿ ಇಳಿದು ಇಬ್ಬರನ್ನೂ ಮುಂದೆ ಕಳಿಸಿ, ಲಗೇಜು ಬರುವಲ್ಲಿ ನೋಡಿದರೆ ಪೆಟ್ಟಿಗೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಸಂಜೆ ಸಭಾಗೃಹದ ಹಿಂದಿನ ಕೋಣೆಯಲ್ಲಿ ಚಿಲಕ ತೆಗೆದಾಗ ದಾಂಡಿ ಬುರುಡೆಯಿಂದ ಎರಡು ಬೆರಳಿನಷ್ಟು ಬಾಯಿಬಿಟ್ಟಿತ್ತು. ಬುರುಡೆಯ ಬೆನ್ನಿಗೆ ಅರ್ಧದವರೆಗೆ ಸೀಳು. ಒಳಗೆ ಏಟು ಹೇಗೆ ಬಿತ್ತೋ, ಚಾಚಾ ಹೇಳಿದ ಜಾಗದಲ್ಲೇ ಬಿಟ್ಟುಕೊಂಡಿತ್ತು. ಅಕ್ಕೋರು ಕೈಯಾಡಿಸಿದರು. ಕೊರಳಿನ ಹತ್ತಿರ ಬೆರಳು ನಿಂತಿತು.

"ಸೀಟಿನ ಮ್ಯಾಲ ಕುಂತಿತ್ತಲ್ಲ," ಎಂದರು.

"ಇಳಿಸುವಾಗ ನನ್ನ ಕೈಯಾಗಿಂದ ಜಾರಿತ್ರಿ," ಎಂದೆ. ಇದು ಎಷ್ಟನೆಯ ಸುಳ್ಳು ಎಂಬುದು ನನಗೆ ತಪ್ಪಿಹೋಗಿತ್ತು.

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು, "ಅಳಬ್ಯಾಡ. ನಿನಗ ಪೆಟ್ಟಾಗಿಲ್ಲಲ್ಲ?" ಎಂದು ಕೇಳಿದರು. ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ನೆಮ್ಮದಿಯಾಗುತ್ತಿತ್ತು. ಮಂಡಳಿಯವರ ಎಲೆಕ್ಟ್ರಾನಿಕ್ ತಂಬೂರಿಯ ಮೇಲೆ ಅವರು ಹಾಡಿದರು. ನಾನು ಖಾಲಿ ಕೈಯಲ್ಲಿ ಹಿಂದೆ ಕೂತು ದನಿಗೂಡಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಓಡಿ ಬಂದು "ನೀ ಇಷ್ಟ ಚಲೋ ಹಾಡ್ತೀ ಅಂತ ನನಗ ಗೊತ್ತ ಇರಲಿಲ್ಲ" ಎಂದ. ಇಪ್ಪತ್ತೆರಡು ವರ್ಷ ಕಾದಿದ್ದ ಮಾತು. ನಾನು ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಚಿಲಕ ಹಾಕಿದೆ.

ಮರುದಿನ ಬೆಳಿಗ್ಗೆ ಹೊರಡುವಾಗ ಅಕ್ಕೋರು ಒಂದೇ ಒಂದು ಕೇಳಿದರು. "ಹೋಗುವಾಗ ನನ್ನ ಅದರ ಬಾಜೂಕ ಕೂಡಸು ತಂಗಿ. ಪೆಟ್ಟು ತಿಂದೈತಿ, ಕೈ ಹಿಡಕೊಂಡ ಕೂಡ್ತೀನಿ."

ಅದಕ್ಕೆ ಸೀಟು ಎಲ್ಲಿತ್ತು? ಅವರ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟೆ. ಗಂಡನ ಟಿಕೆಟ್ಟು, ಲಗೇಜು, ಚಾಚಾ ಹೇಳಿದ ತಂತಿ, ಕೈಜಾರಿದ ಕಥೆ. ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅಕ್ಕೋರನ್ನು ನಾನು ವಂಚಿಸಿದ್ದು ಅವನಿಗೂ ಗೊತ್ತಾಗಿದ್ದು ಆಗಲೇ, ಅಕ್ಕೋರು ಒಪ್ಪಿದ್ದಾರೆಂದೇ ತಿಳಿದಿದ್ದ. ಅವನ ಮುಖ ಬಿಳಿಚಿತು. ತನ್ನ ಸೀಟು ತಂಬೂರಿಗೆ ಕೊಡಿ ಎಂದು ವಿಮಾನ ಕಂಪನಿಗೆ ಫೋನು ಮಾಡಿದ. ಒಬ್ಬರ ಹೆಸರಿನ ಟಿಕೆಟ್ಟು ವಾದ್ಯಕ್ಕೆ ಬದಲಾಗುವುದಿಲ್ಲ, ವಾದ್ಯದ ಸೀಟು ಮೊದಲೇ ಮಾಡಿಸಬೇಕು ಎಂದರು.

"ಅಕ್ಕೋರ, ನಾ ರೈಲಿನ್ಯಾಗ ತರ್ತೀನ್ರಿ," ಎಂದ. "ಮಿರಜತನಕ ಮಡಿಲಾಗ ಇಟ್ಕೊಂಡ ತರ್ತೀನಿ." ಅಂಗಡಿ ಬಿಟ್ಟು ಒಂದು ದಿನ ಇರದ ಮನುಷ್ಯ ಪೆಟ್ಟಿಗೆ ಹೊತ್ತು ಸ್ಟೇಷನ್ನಿಗೆ ಹೋದ.

ವಿಮಾನದಲ್ಲಿ ಈ ಸಲ ನಾವು ಒಂದೇ ಸಾಲಿನಲ್ಲಿದ್ದೆವು. ಅಕ್ಕೋರು ಕಿಟಕಿ ಕಡೆ, ನಾನು ನಡೆಯುವ ದಾರಿಯ ಕಡೆ. ನಡುವೆ ಗಂಡನ ಸೀಟು ಖಾಲಿ. ಬಾಗಿಲು ಹಾಕಿದ ಮೇಲೂ ಅಲ್ಲಿ ಯಾರೂ ಬರಲಿಲ್ಲ. ತಂಬೂರಿ ರೈಲಿನಲ್ಲಿ ಕುಲುಕುತ್ತಿತ್ತು, ಅದಕ್ಕೆಂದು ಕೊಟ್ಟ ಸೀಟು ನಮ್ಮಿಬ್ಬರ ನಡುವೆ ಬೆಳಗಾವಿಯವರೆಗೆ ಬರಿದೇ ಬಂತು. ಅರ್ಧ ದಾರಿಯಲ್ಲಿ ಅಕ್ಕೋರು ಆ ಸೀಟಿನ ಮೇಲೆ ಅಂಗೈ ಇಟ್ಟರು.

"ಹೇಳಿದ್ರ ನಾನ ಇಳಿಸಿ ಕೊಡತಿದ್ದೆ ತಂತಿ," ಎಂದರು. "ನಿನ್ನ ಗಂಡ ನಿನ್ನ ಹಾಡ ಕೇಳಲಿ ಅಂತ ನನಗೂ ಇತ್ತು."

ಚಾಚಾ ಕೊರಳನ್ನು ಕೂಡಿಸಿ, ಸೀಳಿಗೆ ಒಳಗಿನಿಂದ ಪಟ್ಟಿ ಹಚ್ಚಿ ಎರಡು ತಿಂಗಳಲ್ಲಿ ತಂಬೂರಿ ಮರಳಿಸಿದರು. ನಾದ ಸ್ವಲ್ಪ ಮಂದವಾಗಿದೆ, ಆದರೂ ಹಾಡಬಹುದು. ನಾನು ದಿನಾ ಸಂಜೆ ಹೋಗುತ್ತೇನೆ. ಅಕ್ಕೋರು ಬಯ್ಯಲಿಲ್ಲ, ಚಹಾ ಕೊಡುತ್ತಾರೆ, ತಂಗಿ ಎಂದೇ ಕರೆಯುತ್ತಾರೆ. ಇಷ್ಟು ವರ್ಷವೂ ತಂಬೂರಿ ಶ್ರುತಿ ಮಾಡುವ ಕೆಲಸ ನನ್ನದೇ. ಶ್ರುತಿ ಸೇರಿತೆಂದು ನಾನು "ಕೂಡೇತ್ರಿ" ಎಂದ ಕೂಡಲೇ ಅವರು ಕಣ್ಣು ಮುಚ್ಚಿ ಹಾಡಲು ತೊಡಗುತ್ತಿದ್ದರು. ಈಗ "ಕೂಡೇತ್ರಿ" ಎಂದರೆ "ಹೌದೇನ?" ಎನ್ನುತ್ತಾರೆ, ಕೈ ಚಾಚಿ ನಾಲ್ಕೂ ತಂತಿಯನ್ನು ತಾವೇ ಒಮ್ಮೆ ಮೀಟಿ ನೋಡುತ್ತಾರೆ, ಆಮೇಲೆ ಹಾಡುತ್ತಾರೆ.