ಜಬ್ಬಾರಣ್ಣನ ಮನೆಗೆ ಚದರಡಿ ಲೆಕ್ಕ

ಚಾಮರಾಜನಗರದಲ್ಲಿ ದೇವರಮನೆಗೆ ಬಾಗಿಲು ಮಾಡಿಸಬೇಕೆಂದರೆ ಜನ ಬಡಗಿ ಅಬ್ದುಲ್ ಜಬ್ಬಾರ್ ಅವರನ್ನೇ ಹುಡುಕಿಕೊಂಡು ಬರುತ್ತಿದ್ದ ಕಾಲ ಒಂದಿತ್ತು. ಅಂಥ ಮನುಷ್ಯನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಅಪ್ಪನ ಮನೆ ಪಾಲಾದಾಗ ಕೆಳಗಿನದು ತಮ್ಮನಿಗೆ, ಮೇಲಿನದು ಇವರಿಗೆ ಬಂದಿತ್ತು. ಏಣಿಯಂಥ ಕಡಿದಾದ ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕಾದರೆ ಕುರ್ಚಿಗೆ ಕಟ್ಟಿ ನಾಲ್ಕು ಜನ ಇಳಿಸಬೇಕು. ಉಳಿದ ದಿನವೆಲ್ಲ ಎದುರುಮನೆಯ ಗೋಡೆಯೇ ಗತಿ. ಬೀದಿಯಲ್ಲೇ ಹತ್ತು ಜನರ ಜೊತೆ ಮಾತಾಡಿಕೊಂಡು ಬಾಳಿದ ಜೀವ ಅದು, ಗೋಡೆಯ ಜೊತೆ ಎಷ್ಟಂತ ಮಾತಾಡೀತು?

ಹೆಂಡತಿ ಮಹಮೂದಾ ಮನೆಯಲ್ಲೇ ಬಟ್ಟೆ ಹೊಲಿಯುವಾಕೆ. ಗುಂಡ್ಲುಪೇಟೆಯ ತವರುಮನೆಯನ್ನು ಅಣ್ಣಂದಿರು ಮಾರಿದಾಗ ಪಾಲಿಗೆ ಹದಿನೈದು ಲಕ್ಷ ಬಂತು. ಆ ದುಡ್ಡಿನಲ್ಲಿ ಒಡವೆಯಲ್ಲ, ಮತ್ತೊಂದಲ್ಲ, ನೆಲಕ್ಕೆ ಹತ್ತಿಕೊಂಡ ಎರಡು ಕೋಣೆ, ಮುಂದೆ ಗಂಡನನ್ನು ಕೂರಿಸಲು ಒಂದು ಜಗುಲಿ ಮಾಡಿಸಬೇಕೆಂದು ಅವರು ಗಟ್ಟಿಮನಸ್ಸು ಮಾಡಿದರು.

ಹೋದದ್ದು ಸೋಮೇಶನ ಹತ್ತಿರ. ಉಡಿಗಾಲದವನು, ಸೈಟು ಬ್ರೋಕರು. ಬ್ರೋಕರ್ ಎಂದೊಡನೆ ಮೂಗು ಮುರಿಯಬೇಡಿ, ಇವನು ಬಾಯಿಮಾತಿನ ಆಸಾಮಿಯಲ್ಲ. ಗಿರಾಕಿ ಬಂದರೆ ಮೊದಲು ಹಾಳೆ ಮಾಡಿಕೊಡುತ್ತಿದ್ದ. ಮಹಮೂದಾಗೂ ಆರು ಜಾಗಗಳನ್ನು ಒಂದರ ಕೆಳಗೊಂದು ಬರೆದ. ಪಕ್ಕದಲ್ಲಿ ಸೈಟಿನ ಅಳತೆ, ಕೇಳುವ ಬೆಲೆ, ಖಾತೆ ಇದೆಯೋ ಇಲ್ಲವೋ, ರಸ್ತೆ ಎಷ್ಟು ಅಗಲ, ಕೊನೆಯ ಅಂಕಣದಲ್ಲಿ ಚದರಡಿಗೆ ಎಷ್ಟು.

"ಒಟ್ಟು ಬೆಲೆ ನೋಡಿ ಮೋಸ ಓಗ್ಬೇಡಿ ಕಣಕ್ಕ," ಎಂದ. "ಒಬ್ಬ ಇಪ್ಪತ್ತು ಮೂವತ್ತರ ಸೈಟಿಗೆ ಏಳ್ತಾನೆ, ಇನ್ನೊಬ್ಬ ಮೂವತ್ತು ನಲವತ್ತಕ್ಕೆ ಏಳ್ತಾನೆ. ಅಳತೇಲಿ ಭಾಗಿಸಿದ್ರೇನೆ ಯಾವ್ದು ದುಬಾರಿ ಅಂತ ಗೊತ್ತಾಗೋದು. ಮನೆ ಇರೋ ಕಡೆ ಕಟ್ಟಡದ ಬೆಲೆ ಕಳೆದು ಬರೀ ನೆಲದ ರೇಟು ಆಕಿವ್ನಿ."

ಬದನಗುಪ್ಪೆ ಕಡೆಯವನು ಗುಂಟೆಗೆ ಹದಿಮೂರು ಲಕ್ಷ ಹೇಳಿದ್ದ. ಗುಂಟೆಗೆ ಸಾವಿರದ ಎಂಬತ್ತೊಂಬತ್ತು ಚದರಡಿ. ಭಾಗಿಸಿದರೆ ಚದರಡಿಗೆ ಸಾವಿರದ ಇನ್ನೂರಕ್ಕೂ ಒಂದಿಷ್ಟು ಕಮ್ಮಿ. ಹಾಳೆಯಲ್ಲಿ ಎಲ್ಲಕ್ಕಿಂತ ಅಗ್ಗ. ಮಹಮೂದಾರ ಬೆರಳು ಅಲ್ಲಿಗೇ ಹೋಯಿತು.

"ಅದು ಇನ್ನೂ ಕೃಷಿ ಜಮೀನು ಕಣಕ್ಕ. ಪರಿವರ್ತನೆ ಆಗಿಲ್ಲ, ಸರಿಯಾದ ಖಾತೆ ಇಲ್ಲ. ಅದ್ನ ಇವುಗಳ ಜೊತೆ ಓಲಿಸ್ಬಾರ್ದು," ಎಂದು ಅದರ ಮೇಲೆ ಗೀಟು ಎಳೆದ. ಗುಂಡ್ಲುಪೇಟೆ ಪಟ್ಟಣದಲ್ಲಿ ಊಟಿ ರಸ್ತೆಯ ದೆಸೆಯಿಂದ ರೇಟು ಕೈಗೆಟುಕುತ್ತಿರಲಿಲ್ಲ, ಅದೂ ಹೋಯಿತು. ಹೋಲಿಕೆಗಿರಲಿ ಎಂದು ಮಹಮೂದಾರ ಮೊಹಲ್ಲಾವನ್ನೂ ಬರೆದಿದ್ದ. ಆಟೋ ನುಗ್ಗದ ಗಲ್ಲಿ, ಬಾಯ್ತೆರೆದ ಚರಂಡಿ, ಚದರಡಿಗೆ ಮೂರು ಸಾವಿರದ ಇನ್ನೂರು. ಉಳಿದದ್ದು ಮೂರು. ಅದರಲ್ಲಿ ಗುಂಡ್ಲುಪೇಟೆ ರಸ್ತೆಯ ಲೇಔಟು ಚದರಡಿಗೆ ಸಾವಿರದ ನಾನೂರ ಐವತ್ತು. ಆರು ನೂರು ಅಡಿಗೆ ಎಂಟು ಲಕ್ಷದ ಎಪ್ಪತ್ತು ಸಾವಿರ. ನೋಂದಣಿ ಖರ್ಚು ಸೇರಿಸಿ, ಎರಡು ಕೋಣೆ ಕಟ್ಟಿಸಿದರೂ ಹದಿನೈದರೊಳಗೆ ಮುಗಿಯುತ್ತಿತ್ತು.

ಆ ಹಾಳೆ ಮನೆಗೆ ಬಂದ ಮೇಲೆ ಜಬ್ಬಾರಣ್ಣನ ಮುಖಕ್ಕೆ ಕಳೆ ಬಂತು ನೋಡಿ. ಅವರ ಮನೆಮಾತು ಉರ್ದು. ನಾನು ಕನ್ನಡದಲ್ಲಿ ಹೇಳುತ್ತೇನೆ, ಅಷ್ಟೇ. ಎಡಗೈಯಲ್ಲಿ ಹಾಳೆ ಹಿಡಿದು, "ಮೂವತ್ತಡಿ ರಸ್ತೆ ಅಂತೆ. ಜಗುಲಿ ಪೂರ್ವಕ್ಕಿರಲಿ. ಬಾಗಿಲು ನಾನು ಹೇಳ್ತೀನಿ, ಯಾರಾದ್ರೂ ಕೊರೀಲಿ," ಎಂದು ತೊದಲಿದರು.

ಮಹಮೂದಾ ಹೋಗಿ ಸೈಟು ನೋಡಿ ಬಂದರು. ಮುಂಗಡ ಕೊಡುವ ದಿನವೂ ಗೊತ್ತಾಯಿತು. ಕರಾರಿಗೆಂದು ಮಾಲೀಕ ಆಧಾರ್ ಪ್ರತಿ ಕೇಳಿದ. ಕಳಿಸಿದ ಮಾರನೇ ದಿನ ಫೋನು. "ನಮ್ಮ ಭಾವಮೈದ ಆ ಸೈಟು ಕೇಳ್ತಾವ್ನೆ, ಇಲ್ಲ ಅನ್ನಕಾಯ್ತದಾ?" ಸೋಮೇಶ ಸರಿ ಎಂದು ಎರಡನೆಯದಕ್ಕೆ ಕೈ ಹಾಕಿದ. ಆ ಮನುಷ್ಯ ಕೊಳ್ಳುವವರ ಹೆಸರು ಕೇಳಿದವನೇ ಮಾರುವ ಯೋಚನೆಯನ್ನೇ ಬಿಟ್ಟೆ ಎಂದ. ಅದೇ ಸೈಟು ವಾರದಲ್ಲಿ ಇನ್ಯಾರಿಗೋ ರಿಜಿಸ್ಟರ್ ಆಯಿತು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವುದನ್ನು ಈ ಜನ ಎಲ್ಲಿ ಕಲಿತರೋ!

ಮೂರನೆಯ ಸೈಟು ಶಶಿರೇಖಾ ಎಂಬವರದು. ಮಹಮೂದಾ ತಾವೇ ಅವರ ಮನೆಗೆ ಹೋದರು. ಆಕೆ ಒಳಗೆ ಕರೆದು ಕಾಫಿ ಕೊಟ್ಟರು. ಅಲ್ಲಿದ್ದ ದೇವರಮನೆಯ ಬಾಗಿಲು ಜಬ್ಬಾರಣ್ಣನ ಕೈಕೆಲಸ.

"ನಂಗೇನೂ ಇಲ್ಲ ಕಣಮ್ಮ," ಎಂದರು ಶಶಿರೇಖಾ, ನೆಲ ನೋಡುತ್ತ. "ಜಬ್ಬಾರಣ್ಣ ಎಂಥೋರು ಅಂತ ನಂಗೆ ಗೊತ್ತಿಲ್ವಾ? ಆದ್ರೆ ಆ ಸೈಟಿನ ಅಕ್ಕಪಕ್ಕ ಎಲ್ಲಾ ನಮ್ಮೋರೇ ಅವ್ರೆ. ನಾಳೆ ನನ್ನ ಕೇಳ್ತಾರೆ. ತಪ್ಪು ತಿಳ್ಕೋಬೇಡಿ."

ಮಹಮೂದಾ ಕಾಫಿ ಪೂರ್ತಿ ಕುಡಿದು ಬಂದರು. ಬೈದು ಕಳಿಸಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತಂತೆ ಅವರಿಗೆ.

ಸೋಮೇಶನಿಗೆ ತಲೆ ಎತ್ತಲಾಗಲಿಲ್ಲ. ಅವನು ರೇಟು ಕೇಳುವಾಗ ಯಾರಿಗೆ ಎಂದು ಹೇಳಿರಲಿಲ್ಲ. ದುಡ್ಡು ಸರಿಯಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. "ಈ ಹಾಳೇಲಿರೋ ರೇಟೆಲ್ಲ ನಿಮ್ಗೆ ಅಲ್ಲ ಕಣಕ್ಕ," ಎಂದ. "ಆಕ್ಬಾರ್ದಾಗಿತ್ತು ನಾನು. ಆಸೆ ಉಟ್ಸಿಬುಟ್ಟೆ."

ಇನ್ನುಳಿದದ್ದು ಮೊಹಲ್ಲಾ ಒಂದೇ. ಪಕ್ಕದ ಗಲ್ಲಿಯಲ್ಲೇ ನಾನೂರ ಐವತ್ತು ಅಡಿಯ ಹಳೇ ಮನೆ, ಕೆಳಗಿನದೇ, ಮಾರಾಟಕ್ಕಿತ್ತು. ನೆಲಕ್ಕೇ ಹದಿನಾಲ್ಕು ಲಕ್ಷದ ನಲವತ್ತು ಸಾವಿರ. ನೋಂದಣಿಗೆ ಅಲ್ಲಿ ಇಲ್ಲಿ ಹೊಂದಿಸುತ್ತೇನೆಂದು ಮಹಮೂದಾ ಹೊರಟರು. ಅಷ್ಟರಲ್ಲಿ ಇನ್ನೊಬ್ಬರು ಚದರಡಿಗೆ ನಾಲ್ಕು ಸಾವಿರ ಕೊಟ್ಟು ಮುಗಿಸಿಬಿಟ್ಟಿದ್ದರು. ಅವರೂ ಬಡಾವಣೆಗಳನ್ನೆಲ್ಲ ಸುತ್ತಿ ಬರಿಗೈಲಿ ವಾಪಸು ಬಂದವರೇ.

"ಈ ಕೊಳಕು ಗಲ್ಲೀಗೆ ನಾಲ್ಕು ಸಾವಿರವೇನಪ್ಪಾ?" ಎಂದರು ಮಹಮೂದಾ.

"ಬೇರೆ ಕಡೆ ಸಿಗ್ದೋರೆಲ್ಲ ಇಲ್ಲಿಗೇ ಬರ್ಬೇಕಲ್ಲಕ್ಕ. ಕೇಳೋರು ಜಾಸ್ತಿ, ಇರೋ ನೆಲ ಇಷ್ಟೇ. ಇನ್ನು ಮುಂದೆ ನಿಮ್ ಗಲ್ಲಿ ರೇಟು ಅಂದ್ರೆ ಅದೇಯ," ಎಂದ ಸೋಮೇಶ.

ಮನೆಗೆ ಬಂದ ಮಹಮೂದಾ ಗಂಡನ ಪಕ್ಕ ಕೂತರು. ಊರವರ ದೇವರಿಗೆ ಬಾಗಿಲು ಮಾಡಿದ ಮನುಷ್ಯನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ರೇಟು ಹೊಂದಲಿಲ್ಲ," ಎಂದಷ್ಟೇ ಹೇಳಿದರು.

ಜಬ್ಬಾರಣ್ಣ ನಂಬಿದರು. ಅವರು ಹೆಣಗಿದ್ದೆಲ್ಲ ಅಳತೆಯ ಜೊತೆಗೇ ಅಲ್ಲವೆ! ರೇಟು ಹೆಚ್ಚಾದರೆ ಅಳತೆ ತಗ್ಗಿಸಿದರಾಯಿತು ಎಂದುಕೊಂಡರು. ಮಾರನೇ ದಿನ ಹೆಂಡತಿಯನ್ನು ಕರೆದು, "ಆರು ನೂರು ಅಡಿ ಯಾಕೆ, ನಾನೂರು ಸಾಕು ಅನ್ನು ಸೋಮೇಶನಿಗೆ," ಎಂದರು. ಹೇಳ್ತೀನಿ ಎಂದರು ಮಹಮೂದಾ. ಆಮೇಲೊಂದು ದಿನ ಜಬ್ಬಾರಣ್ಣ ಎರಡು ಕೋಣೆ ಬೇಡ, ಒಂದೇ ಸಾಕು ಎಂದರು. ಮರದ ಬಾಗಿಲೂ ಬೇಡ, ತಗಡಿನದೇ ಹಾಕಿಸು ಎಂದರು. ಅದನ್ನು ಅವರ ಬಾಯಲ್ಲಿ ಕೇಳಿದ ದಿನ ಮಹಮೂದಾ ಅಡುಗೆ ಮೂಲೆಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಶುಕ್ರವಾರ ಮಹಮೂದಾ ಗಂಡನ ಮುಖ ಒರೆಸುತ್ತಿದ್ದಾಗ ಜಬ್ಬಾರಣ್ಣ ಅವರ ಕೈ ಹಿಡಿದರು.

"ಸೋಮೇಶ ಏನಂದ?"

"ನೋಡ್ತಾವ್ನೆ."

"ಆ ಜಗುಲಿ ಇದೆಯಲ್ಲ, ಅದಕ್ಕೂ ಅಡಿ ಹಿಡಿಯುತ್ತೆ. ಅದೂ ಬೇಡ ಅಂತ ಹೇಳಿಬಿಡು, ಮಹಮೂದಾ. ಆಗಲಾದರೂ ಹೊಂದುತ್ತೇನೋ."