ಪೇಢೆ ಹಂಚಿದ ಮೇಲೆ

ವಾಡಿಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ದಿನಗೂಲಿಯವನು. ಒಂದು ದಿನ ದುಬೈ ಕಂಪನಿಯೊಂದರ ಹೆಸರಲ್ಲಿ ಈಮೇಲ್ ಬಂತು. ಸಂದರ್ಶನವೇ ಇಲ್ಲದೆ ನೌಕರಿ! ಮಾಸ್ತರಾಗಿದ್ದ ಅಪ್ಪ ಅಂದೇ ಓಣಿಗೆಲ್ಲ ಪೇಢೆ ಹಂಚಿಬಿಟ್ಟರು.

ಮರುದಿನ ಇನ್ನೊಂದು ಈಮೇಲ್. ವೀಸಾ ಶುಲ್ಕವನ್ನು ಯಾರದೋ ಸ್ವಂತ ಖಾತೆಗೆ ಕಟ್ಟಬೇಕು, ಪಾಸ್‌ಪೋರ್ಟ್ ಪ್ರತಿ ಕಳಿಸಬೇಕು. ಕಳಿಸಿದ ವಿಳಾಸ ನೋಡಿದೆ. ಯಾರು ಬೇಕಾದರೂ ತೆರೆಯಬಹುದಾದ ಪುಕ್ಕಟೆ ಈಮೇಲ್ ಅದು. ಸೈಬರ್ ಕೆಫೆಯಲ್ಲೇ ಕೂತು ಉತ್ತರ ಬರೆದೆ: "ಶುಲ್ಕ ಕಟ್ಟುವುದಿಲ್ಲ. ಕಂಪನಿಯನ್ನೇ ಕೇಳುವ ತನಕ ದಾಖಲೆ ಕಳಿಸುವುದಿಲ್ಲ."

"ಇವತ್ತೇ ಕೊನೆಯ ದಿನ" ಎಂದು ಅವರು ಮತ್ತೆ ಈಮೇಲ್ ಕಳಿಸಿ ಹೆದರಿಸಿದರು. ಕಂಪನಿಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಎಸ್‌ಟಿಡಿ-ಐಎಸ್‌ಡಿ ಬೂತಿನಿಂದ ಫೋನ್ ಮಾಡಿದೆ. ಅಂಥ ನೇಮಕಾತಿಯೇ ಇಲ್ಲ ಎಂದರು. ಆ ಈಮೇಲ್‌ಗೆ ನಾನು ಮತ್ತೆ ಉತ್ತರಿಸಲಿಲ್ಲ.

ಆದರೆ ಓಣಿಗೆ ಏನು ಹೇಳುವುದು? ಅಪ್ಪ, "ಸದ್ಯ ಸುಮ್ನಿರು" ಎಂದರು. ಎರಡು ದಿನ ಹಿತ್ತಲ ಬಾಗಿಲಿನಿಂದ ಓಡಾಡಿದೆ. ಮೂರನೆಯ ದಿನ ಪಕ್ಕದ ಮನೆಯ ಕಾಕಾ ಮಗನ ಅಂಕಪಟ್ಟಿ ಹಿಡಿದುಕೊಂಡೇ ಬಂದರು.

"ಮಾಸ್ತರ್, ನಮ್ಮ ಹುಡುಗಂದೂ ಅರ್ಜಿ ಅಲ್ಲೇ ಹಾಕಿಸ್ರಿ. ಅವರು ಕೇಳಿದಷ್ಟು ರೊಕ್ಕ ಕೊಡ್ತೀನಿ."

ಅಪ್ಪ ಗೋಡೆ ನೋಡುತ್ತ ಕೂತರು. ನನಗೆ ಸಿಟ್ಟೇ ಬಂತು.

"ಕಾಕಾ, ಅದು ಖೊಟ್ಟಿ ಅದ ರೀ, ಬರೀ ಮೋಸ. ನನಗೂ ನೌಕರಿ ಇಲ್ಲ."

ಕಾಕಾ ಅಂಕಪಟ್ಟಿಯನ್ನು ಮೆಲ್ಲಗೆ ಮಡಚಿಕೊಂಡು ಹೋದರು. ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು.

"ಪೇಢೆ ಕೊಟ್ಟಾಂವ ನಾನು. ಮನಿಮನಿಗೆ ನಾನೇ ಹೇಳ್ತೀನಿ, ನಡಿ."